ಜಾಡಿಯಲ್ಲಿ ಉಳಿದ ಕೆಂಪು ಹುಳ

ಕೊಳ್ಳೇಗಾಲದ ಕಾಲೇಜಿನಲ್ಲಿ ಪಾಠ ಮಾಡಿದಷ್ಟು ವರ್ಷವೂ ನಾನು ಹುಡುಗರಿಗೆ ಒಂದು ಮಾತು ತಪ್ಪದೆ ಹೇಳುತ್ತಿದ್ದೆ. ಜಾಡಿಯಲ್ಲಿ ಹುಳ ಸಾಕಿ ಎಣಿಸುವಾಗ ಜರಡಿಯಿಂದ ಬಿದ್ದ ಧೂಳನ್ನು ಹೊರಗೆ ಚೆಲ್ಲಬೇಡಿ, ಜಾಡಿಗೇ ವಾಪಸ್ ಹಾಕಿ. ಯಾಕೆ ಸಾರ್ ಅಂದರೆ ಕಾರಣ ಹೇಳುತ್ತಿದ್ದೆ. ಆ ಕಾರಣ ನನಗೆ ಯಾರಿಂದ ಗೊತ್ತಾಯಿತು ಅನ್ನುವುದನ್ನು ಒಂದು ದಿನವೂ ಹೇಳಲಿಲ್ಲ. ಹೇಳಲು ಬಾಯಿ ಬರಲಿಲ್ಲ ಅಂತ ಬರೆದರೆ ಅದೂ ಸುಳ್ಳಾಗುತ್ತದೆ. ಬಾಯಿ ಚೆನ್ನಾಗಿಯೇ ಬರುತ್ತಿತ್ತು ನನಗೆ. ಮನಸ್ಸಿರಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ನಮ್ಮೂರು ಯಳಂದೂರು ತಾಲ್ಲೂಕಿನಲ್ಲಿ, ಅಗರದ ಹತ್ತಿರ. ಗದ್ದೆ, ಹೊಲ, ತುಂಬಿದ ಕಣಜ ಇದ್ದ ಮನೆ. ಅಪ್ಪನ ಮಾತಿಗೆ ಊರಿನಲ್ಲಿ ಬೆಲೆಯಿತ್ತು. ಆ ಬೆಲೆಯ ಒಂದು ಪಾಲು ತನ್ನಷ್ಟಕ್ಕೆ ತಾನೇ ನನಗೂ ಬರುತ್ತದೆ ಅಂತ ನಾನು ತಿಳಿದುಕೊಂಡಿದ್ದೆ.

ಕೊನೆಯ ವರ್ಷ ಒಬ್ಬೊಬ್ಬರೂ ಒಂದು ಟರ್ಮ್ ಪೇಪರ್ ಬರೆಯಬೇಕಿತ್ತು. ನನ್ನ ಪಾಲಿಗೆ ಬಂದದ್ದು ಜೀವಿಗಳ ಪೈಪೋಟಿ. ಒಂದೇ ಆಹಾರ ತಿನ್ನುವ ಎರಡು ಜಾತಿಗಳು ಒಂದೇ ಕಡೆ ಇದ್ದರೆ ಒಂದು ಇನ್ನೊಂದನ್ನು ಓಡಿಸುತ್ತದೆಯೋ, ಎರಡೂ ಉಳಿಯುತ್ತವೆಯೋ, ಉಳಿದರೆ ಹೇಗೆ? ನಮ್ಮ ಮೇಷ್ಟ್ರು ಬಹಳ ಮೆಲ್ಲಗೆ ಮಾತಾಡುವ ಮನುಷ್ಯ. ಅವರು 'ನಿಚ್' ಅನ್ನುವುದನ್ನು ಹೀಗೆ ವಿವರಿಸುತ್ತಿದ್ದರು: 'ಅದು ಪ್ರಾಣಿಯ ವಿಳಾಸ ಮಾತ್ರ ಅಲ್ಲ ಕಣಯ್ಯ, ಅದರ ಬದುಕು. ಏನು ತಿನ್ನುತ್ತೆ, ಎಲ್ಲಿ ತಿನ್ನುತ್ತೆ, ಮೊಟ್ಟೆ ಎಲ್ಲಿಡುತ್ತೆ, ಎಲ್ಲ ಸೇರಿ. ಎರಡು ಪ್ರಾಣಿಗಳ ಬದುಕು ಒಂದರ ಮೇಲೊಂದು ಎಷ್ಟು ಬೀಳುತ್ತೆ ಅಂತ ನೀನು ಅಳೆಯಬೇಕು.'

ನಾನು ಆರಿಸಿಕೊಂಡದ್ದು ಜೋಳದ ಮೂಟೆಯಲ್ಲಿ ಸಿಗುವ ಎರಡು ಹುಳ. ಒಂದು, ಸೊಂಡಿಲಿರುವ ಕುಟ್ಟೆ ಹುಳ. ಇನ್ನೊಂದು, ಹಿಟ್ಟಿನಲ್ಲಿ ಓಡಾಡುವ ಚಪ್ಪಟೆ ಕೆಂಪು ಹುಳ. ಹನ್ನೆರಡು ಗಾಜಿನ ಜಾಡಿ ತಂದು ಎಲ್ಲದಕ್ಕೂ ಒಂದೇ ತೂಕದ ಜೋಳ ಹಾಕಿದೆ. ಆರು ಮೈಸೂರಿನ ಲ್ಯಾಬಿನಲ್ಲಿ, ಆರು ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ. ಎರಡು ಕಡೆಯೂ ಒಂದೇ ಲೆಕ್ಕ: ಎರಡು ಜಾಡಿಯಲ್ಲಿ ಬರೀ ಕುಟ್ಟೆ ಹುಳ, ಎರಡರಲ್ಲಿ ಬರೀ ಕೆಂಪು ಹುಳ, ಎರಡರಲ್ಲಿ ಎರಡೂ. ಹದಿನೈದು ದಿನಕ್ಕೊಮ್ಮೆ ಜರಡಿ ಹಿಡಿದು, ಹುಳ ಎಣಿಸಿ, ಜಾಡಿಗೆ ಬಿಟ್ಟು, ಒಂದು ಹಿಡಿ ಹೊಸ ಜೋಳ ಹಾಕಬೇಕು. ಒಂಟಿಯಾಗಿದ್ದಾಗ ಒಂದು ಹುಳ ಎಷ್ಟು ಬೆಳೆಯುತ್ತದೆ, ಇನ್ನೊಂದರ ಜೊತೆಗಿದ್ದಾಗ ಎಷ್ಟು ಅಂತ ಹೋಲಿಸಿದರೆ ಪೈಪೋಟಿ ಎಷ್ಟು ಅನ್ನುವುದು ತಿಳಿಯುತ್ತದೆ.

ಮನೆಯ ಜಾಡಿಗಳನ್ನು ಎಣಿಸಲು ಹದಿನೈದು ದಿನಕ್ಕೊಮ್ಮೆ ಊರಿಗೆ ಬರುತ್ತೇನೆ ಅಂತ ಮೇಷ್ಟ್ರಿಗೆ ಮಾತು ಕೊಟ್ಟಿದ್ದೆ. ಎರಡು ಸಲ ಬಂದೆ. ಬಸ್ಸಿನ ಧೂಳು, ನೂಕುನುಗ್ಗಲು, ಭಾನುವಾರ ಹಾಳು. ಮೂರನೇ ಸಲದಿಂದ ಆ ಕೆಲಸವನ್ನು ನಮ್ಮ ಮನೆಯಲ್ಲಿ ಕಾಳು ಹಸನು ಮಾಡುತ್ತಿದ್ದ ಹೆಂಗಸಿಗೆ ಒಪ್ಪಿಸಿದೆ.

ಅವಳಿಗೆ ಆಗ ಐವತ್ತರ ಹತ್ತಿರ. ನಾನು ಹುಟ್ಟುವ ಮುಂಚಿನಿಂದ ನಮ್ಮ ಮನೆಯ ಕಾಳನ್ನೆಲ್ಲ ಕೇರಿ, ಜರಡಿ ಹಿಡಿದು ಕೊಡುತ್ತಿದ್ದವಳು. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳನ್ನು ಹನೂರಿನ ಕಡೆ ಕೊಟ್ಟಿದ್ದಳು. ಹಿಂದಿನ ಜಗಲಿಯವರೆಗೆ ಬರಬಹುದು, ಹೊಸ್ತಿಲು ದಾಟುವಂತಿಲ್ಲ. ಅವಳ ಅರ್ಧ ವಯಸ್ಸಿನ ನನ್ನನ್ನು ಅವಳು ಒಡೆಯರನ್ನು ಕರೆಯುವ ಹಾಗೆ ಬುದ್ದಿ ಅನ್ನುತ್ತಿದ್ದಳು, ನಾನು ಅವಳನ್ನು ಏಕವಚನದಲ್ಲಿ ಅಮ್ಮಿ ಅನ್ನುತ್ತಿದ್ದೆ. ಇದರಲ್ಲಿ ಏನೋ ಇದೆ ಅಂತ ಆಗ ನನಗೆ ಅನ್ನಿಸಿರಲಿಲ್ಲ.

'ನೋಡಮ್ಮಿ, ಒಂದು ಹುಳ ತಪ್ಪಬಾರದು, ಒಂದು ಹುಳ ಹೆಚ್ಚಾಗಬಾರದು. ಜಾಡಿಯಿಂದ ಏನೂ ಹೊರಗೆ ಹೋಗಕೂಡದು' ಅಂದೆ.

'ಆಗ್ಲಿ ಬುದ್ದಿ. ಯಾವಾಗ್ಯಾವಾಗ ಎಣಿಸ್ಲಿ?'

'ಹದಿನೈದು ದಿನಕ್ಕೊಮ್ಮೆ.'

'ಅಂಗಾರೆ ಅಮಾಸೆಗೊಂದಪ, ಉಣ್ಣಿಮೆಗೊಂದಪ.'

ಅಷ್ಟೇ. ಅವಳಿಗೆ ಓದು ಬರಹ ಬಾರದು. ಎಣಿಕೆ ಹೇಗೆ ಇಡುತ್ತೀಯ ಅಂದರೆ ನಕ್ಕಳು. ಒಂದೊಂದು ಜಾಡಿಯ ಮುಂದೆ ಒಂದೊಂದು ಕರಟ ಇಟ್ಟಳು. ಕುಟ್ಟೆ ಹುಳಕ್ಕೆ ಹುಣಿಸೆ ಬೀಜ, ಕೆಂಪು ಹುಳಕ್ಕೆ ಹರಳು ಬೀಜ. ಹಿತ್ತಾಳೆ ತಟ್ಟೆಯ ಮೇಲೆ ಹುಳ ಬಿಟ್ಟುಕೊಂಡು ಕೋಳಿ ಪುಕ್ಕದಲ್ಲಿ ಒಂದೊಂದಾಗಿ ಆಚೆಗೆ ತಳ್ಳುತ್ತ, ಒಂದಕ್ಕೊಂದು ಬೀಜ ಕರಟಕ್ಕೆ ಹಾಕುತ್ತಿದ್ದಳು. ಮುಗಿದ ಮೇಲೆ ಆ ಬೀಜಗಳನ್ನು ಹಳೇ ಸೀರೆಯ ಚೂರಿನಲ್ಲಿ ಗಂಟು ಕಟ್ಟಿ, ಜಾಡಿಯ ಮೇಲಿನ ಹಗ್ಗಕ್ಕೆ ಸಾಲಾಗಿ ನೇತುಹಾಕುತ್ತಿದ್ದಳು. ಮೊದಲ ಗಂಟು ಮೊದಲ ಅಮಾವಾಸ್ಯೆ, ಎರಡನೇದು ಹುಣ್ಣಿಮೆ. ನಾನು ರಜೆಗೆ ಬಂದಾಗ ಗಂಟು ಬಿಚ್ಚಿ ಎಣಿಸಿ ನೋಟ್‌ಬುಕ್ಕಿಗೆ ಬರೆದುಕೊಳ್ಳುತ್ತಿದ್ದೆ. ಲ್ಯಾಬಿನ ನನ್ನ ಪುಟದಲ್ಲಿ ಚಿತ್ತು ಕಾಟು ಇರುತ್ತಿತ್ತು. ಅವಳ ಗಂಟುಗಳಲ್ಲಿ ಏನೂ ಇರಲಿಲ್ಲ.

ಇತ್ತ ಲ್ಯಾಬಿನಲ್ಲಿ ನಾನು ನಮ್ಮ ಮನೆಯ ಮಗನ ಹಾಗೆ ಕೆಲಸ ಮಾಡುತ್ತಿದ್ದೆ. ನಮ್ಮಲ್ಲಿ ಜರಡಿಯಿಂದ ಕೆಳಗೆ ಬಿದ್ದದ್ದು ಮತ್ತೆ ಕಾಳಿಗೆ ಸೇರುವುದಿಲ್ಲ. ಅದು ಕೋಳಿಗೆ. ಹಸನು ಮಾಡಿದ ಕಾಳಿಗೆ ಧೂಳು ವಾಪಸ್ ಹಾಕಿದವರನ್ನು ಅವ್ವ ಮನೆಗೆ ಸೇರಿಸುತ್ತಿರಲಿಲ್ಲ. ಇದು ನನ್ನ ಕೈಗೆ ಎಷ್ಟು ಅಂಟಿತ್ತೆಂದರೆ, ಪ್ರತಿ ಸಲ ಹುಳ ಎಣಿಸಿದ ಮೇಲೆ ಜಾಡಿಗೆ ಶುದ್ಧ ಕಾಳು, ಎಣಿಸಿದ ಹುಳ, ಹೊಸ ಜೋಳ ಹಾಕಿ, ಧೂಳನ್ನು ಕಿಟಕಿಯಿಂದ ಊದಿಬಿಡುತ್ತಿದ್ದೆ. ನಾನು ಚೊಕ್ಕವಾಗಿ ಕೆಲಸ ಮಾಡುತ್ತೇನೆ ಅಂತ ಹೆಮ್ಮೆ ಬೇರೆ. ಹೀಗೆ ಮಾಡುತ್ತಿದ್ದೇನೆ ಅನ್ನುವುದು ನನ್ನ ನೋಟ್‌ಬುಕ್ಕಿನಲ್ಲಿ ಎಲ್ಲೂ ಇಲ್ಲ. ಉಸಿರಾಡಿದೆ ಅಂತ ಯಾರು ಬರೆದುಕೊಳ್ಳುತ್ತಾರೆ?

ಐದು ತಿಂಗಳು ಕಳೆಯುವ ಹೊತ್ತಿಗೆ ಲ್ಯಾಬಿನಲ್ಲಿ ಎರಡೂ ಹುಳ ಒಟ್ಟಿಗೆ ಬಿಟ್ಟಿದ್ದ ಜೋಡಿ ಜಾಡಿಗಳಲ್ಲಿ ಕೆಂಪು ಹುಳ ನಿರ್ನಾಮ. ಬರೀ ಕುಟ್ಟೆ ಹುಳ. ನನಗೆ ಕುಣಿಯುವಷ್ಟು ಖುಷಿ. ಒಂದೇ ಬದುಕು ಬಯಸುವ ಎರಡು ಜಾತಿ ಒಟ್ಟಿಗೆ ಬಾಳಲಾರವು ಅಂತ ಪುಸ್ತಕದಲ್ಲಿದ್ದದ್ದು ನನ್ನ ಜಾಡಿಯಲ್ಲೂ ಆಗಿತ್ತು. ಒಂದು ಕಡೆ ಮಾತ್ರ ಸಣ್ಣ ತೊಡಕಿತ್ತು. ಬರೀ ಕೆಂಪು ಹುಳ ಬಿಟ್ಟಿದ್ದ ಜಾಡಿಗಳಲ್ಲೂ ಅವು ಬೆರಳೆಣಿಕೆಗೆ ಇಳಿದಿದ್ದವು. ಬೂಷ್ಟು ಹಿಡಿದಿರಬೇಕು ಅಂತ ಪಕ್ಕದಲ್ಲಿ ಬರೆದು ಮುಂದಕ್ಕೆ ಹೋದೆ. ಬೂಷ್ಟನ್ನು ನಾನು ಕಣ್ಣಾರೆ ನೋಡಿರಲಿಲ್ಲ.

ಪೇಪರ್ ಕೊಡಲು ಎರಡು ವಾರ ಇರುವಾಗ ಊರಿಗೆ ಬಂದೆ. ಹಗ್ಗದಲ್ಲಿ ನೇತಾಡುತ್ತಿದ್ದ ಕಡೆಯ ಗಂಟುಗಳನ್ನು ಬಿಚ್ಚಿದರೆ ಹುಣಿಸೆ ಬೀಜದ ಜೊತೆ ಹರಳು ಬೀಜ ಸುರಿಯಿತು. ಜೋಡಿ ಜಾಡಿಗಳಲ್ಲಿ ಎರಡೂ ಹುಳ ಇದ್ದವು. ಇದ್ದವು ಅಂದರೆ ಸಾಲದು, ಕೆಂಪು ಹುಳ ಒಂಟಿಯಾಗಿದ್ದ ಜಾಡಿಗಿಂತ ಕುಟ್ಟೆ ಹುಳದ ಜೊತೆಗಿದ್ದ ಜಾಡಿಯಲ್ಲೇ ಹೆಚ್ಚಾಗಿತ್ತು. ನನ್ನ ಅರ್ಧ ಪೇಪರ್ ಅಲ್ಲೇ ಕುಸಿದು ಬಿತ್ತು.

ಅವತ್ತು ಹಿಂದಿನ ಜಗಲಿಯಲ್ಲಿ ಅಪ್ಪ ಇದ್ದರು. ಮಾತಾಡಲು ಬಂದಿದ್ದ ಊರಿನ ಇಬ್ಬರು ಯಜಮಾನರಿದ್ದರು. ರಾಗಿ ಕೇರಲು ಬಂದಿದ್ದ ಏಳೆಂಟು ಹೆಂಗಸರಿದ್ದರು. ಅಷ್ಟು ಜನರ ಮುಂದೆ ನಾನು ಅವಳನ್ನು ಕರೆದೆ.

'ಏನಮ್ಮಿ ಇದು? ನಿನಗೆ ಎಣಿಸು ಅಂದರೆ ಎಲ್ಲಿಂದಲೋ ಹುಳ ತಂದು ಸುರಿದಿದ್ದೀಯ?'

'ಇಲ್ಲ ಬುದ್ದಿ. ಇದ್ದಂಗೇ ಎಣಿಸೀವ್ನಿ.'

'ಸುಳ್ಳು. ಹುಳ ಸತ್ತಿವೆ, ಬೈಸಿಕೊಳ್ಳಬೇಕಾಗುತ್ತೆ ಅಂತ ನಮ್ಮ ಮೂಟೆಯಿಂದ ತೆಗೆದು ಹಾಕಿದ್ದೀಯ. ಇಲ್ಲ ಅಂದರೆ ಎಣಿಸದೇ ಕೈಗೆ ಬಂದಷ್ಟು ಬೀಜ ಕಟ್ಟಿದ್ದೀಯ.'

ಅವಳು ಕೈ ಒರೆಸಿಕೊಂಡು ನಿಂತಳು. 'ನಾನೆಣಿಸಿದ್ದು ಸರಿ ಅದೆ ಬುದ್ದಿ. ಬ್ಯಾಕಾರೆ ಈಗ್ಲೇ ಇನ್ನೊಂದಪ ಎಣಿಸ್ಕೊಡ್ತೀನಿ, ನೀವೂ ಕುಂತ್ಕಳಿ.'

ನಾನು ಕೂತುಕೊಳ್ಳಲಿಲ್ಲ. ಕೂತಿದ್ದರೆ ಗೊತ್ತಾಗಿಬಿಡುತ್ತಿತ್ತು. ಅಪ್ಪ ನನ್ನ ಮುಖ ನೋಡಿದರು, ಓದಿದ ಮಗ ಸುಮ್ಮನೆ ಹೇಳುವುದಿಲ್ಲ ಅಂದುಕೊಂಡರು. 'ಕಾಳಿನ ಲೆಕ್ಕದಲ್ಲಿ ಸುಳ್ಳು ಹೇಳೋ ಕೈ ನಮಗೆ ಬೇಡ. ನಾಳೆಯಿಂದ ಬರಬೇಡ ಕಣಮ್ಮಿ' ಅಂದರು. ಅವರು ಜೋರಾಗಿ ಹೇಳಲಿಲ್ಲ. ಆ ಹೆಂಗಸರ ಮೊರಗಳು ಸ್ವಲ್ಪ ಹೊತ್ತು ನಿಂತು ಮತ್ತೆ ಶುರುವಾದವು.

ಅವಳು ಅಳಲಿಲ್ಲ, ಕಾಲು ಹಿಡಿಯಲಿಲ್ಲ. ತನ್ನ ಜರಡಿ ತೆಗೆದುಕೊಂಡು ಹಿತ್ತಲ ಬಾಗಿಲಿನಿಂದ ಹೋದಳು. ಕಾಳಿನಲ್ಲಿ ಕೈ ಸುಳ್ಳು ಅಂತ ನಮ್ಮ ಜಗಲಿಯಲ್ಲಿ ಮಾತು ಬಂದ ಮೇಲೆ ಊರಿನ ಬೇರೆ ಮನೆಯವರೂ ಅವಳನ್ನು ಕರೆಯಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಹನೂರಿನ ಮಗಳ ಮನೆಗೆ ಹೋದಳಂತೆ. ಅವ್ವ ಕಾಗದದಲ್ಲಿ ಬೇರೆ ಸುದ್ದಿಯ ನಡುವೆ ಇದನ್ನೂ ಒಂದು ಸಾಲು ಬರೆಸಿದ್ದಳು. ಅವಳ ಹಾಗೆ ಹಸನು ಮಾಡುವವರು ಸಿಗಲಿಲ್ಲ ಅಂತ.

ಮೈಸೂರಿಗೆ ಹೋಗಿ ಮೇಷ್ಟ್ರಿಗೆ ಕರಡು ಕೊಟ್ಟೆ. ಮನೆಯ ಜಾಡಿಗಳು ಕೆಲಸದವರ ಅಜಾಗರೂಕತೆಯಿಂದ ಕೆಟ್ಟವು ಅಂತ ಒಂದೇ ಸಾಲು. ಅವರು ಮೆಲ್ಲಗೆ ಓದಿದರು. ಬೂಷ್ಟಿನ ಹತ್ತಿರ ಪೆನ್ಸಿಲ್ ನಿಲ್ಲಿಸಿದರು.

'ಇಲ್ಲಿ ಕೆಂಪು ಹುಳ ಒಂಟಿಯಾಗಿತ್ತು, ಅಲ್ವೇನಯ್ಯ?'

'ಹೌದು ಸಾರ್.'

'ಎದುರಾಳಿ ಇರಲಿಲ್ಲ.'

'ಇರಲಿಲ್ಲ ಸಾರ್.'

'ಮತ್ತೆ ಇದು ಯಾರ ಜೊತೆ ಪೈಪೋಟಿ ಮಾಡಿ ಸತ್ತಿತು?'

ಅವರು ಗದರಲಿಲ್ಲ. 'ಮನೆಯ ಜಾಡಿ ತಗೊಂಡು ಬಾ. ಯಾವ ಹುಳ ಎಲ್ಲಿದೆ ಅಂತ ನೋಡಿ ಎಣಿಸು. ಬರೀ ಎಷ್ಟಿವೆ ಅಂತಲ್ಲ' ಅಂದರು.

ಹೋಗಿ ಜಾಡಿಗಳನ್ನು ತಂದೆ. ಜಾಡಿಯೊಳಗಿನದನ್ನು ಮೂರು ಪಾಲು ಮಾಡಿದೆ: ಇಡೀ ಕಾಳು, ಒಡೆದ ಕಾಳು, ಧೂಳು. ಧೂಳು ಎರಡು ಬೆರಳು ದಪ್ಪ ಇತ್ತು. ಲ್ಯಾಬಿನ ಜಾಡಿಗಳಲ್ಲಿ ಧೂಳೇ ಇರಲಿಲ್ಲ. ಜಾಡಿಯಿಂದ ಏನೂ ಹೊರಗೆ ಹೋಗಕೂಡದು ಅಂತ ನಾನು ಹೇಳಿದ್ದನ್ನು ಅವಳು ಅಕ್ಷರಶಃ ಪಾಲಿಸಿದ್ದಳು. ಹೇಳಿದ ನಾನು ಪಾಲಿಸಿರಲಿಲ್ಲ.

ಒಂದು ಚಿಟಿಕೆ ಧೂಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಕೆಂಪು ಹುಳದ ಮೊಟ್ಟೆ, ತೆಳ್ಳಗಿನ ಮರಿಗಳು. ಕುಟ್ಟೆ ಹುಳ ಕಾಳನ್ನು ಕೊರೆದು ಒಳಗೆ ಮೊಟ್ಟೆ ಇಡುತ್ತದೆ, ಮರಿ ಕಾಳಿನೊಳಗೇ ಬೆಳೆಯುತ್ತದೆ. ಜರಡಿ ಎಷ್ಟು ಹಿಡಿದರೂ ಅದಕ್ಕೆ ಏನೂ ಆಗುವುದಿಲ್ಲ. ಕೆಂಪು ಹುಳಕ್ಕೆ ಗಟ್ಟಿ ಕಾಳನ್ನು ಕೊರೆಯುವ ಶಕ್ತಿ ಇಲ್ಲ. ಒಡೆದ ನುಚ್ಚು, ಕುಟ್ಟೆ ಹುಳ ಕೊರೆದು ಉದುರಿಸಿದ ಹಿಟ್ಟು, ಅದೇ ಅದರ ಊಟ, ಅದೇ ಅದರ ತೊಟ್ಟಿಲು. ಐದು ತಿಂಗಳು ಪ್ರತಿ ಹದಿನೈದು ದಿನಕ್ಕೊಮ್ಮೆ ನಾನು ಅದರ ಊಟವನ್ನೂ ಮಕ್ಕಳನ್ನೂ ಕಿಟಕಿಯಿಂದ ಊದಿಬಿಟ್ಟಿದ್ದೆ. ಆಮೇಲೆ ಕುಟ್ಟೆ ಹುಳ ಅದನ್ನು ಸೋಲಿಸಿತು ಅಂತ ಬರೆದಿದ್ದೆ.

ಲೆಕ್ಕ ಕಷ್ಟವಿರಲಿಲ್ಲ. ಒಂದೊಂದು ಜಾತಿಯಲ್ಲೂ ನೂರಕ್ಕೆ ಎಷ್ಟು ಹುಳ ಯಾವ ಪಾಲಿನಲ್ಲಿವೆ ಅಂತ ಬರೆದು, ಪ್ರತಿ ಪಾಲಿನಲ್ಲೂ ಎರಡರ ಪೈಕಿ ಚಿಕ್ಕ ಸಂಖ್ಯೆಯನ್ನು ತೆಗೆದು ಕೂಡಿಸಬೇಕು. ಇಡೀ ಕಾಳಿನಲ್ಲಿ ಕುಟ್ಟೆ ಎಂಬತ್ತು, ಕೆಂಪು ಹತ್ತು. ಚಿಕ್ಕದು ಹತ್ತು. ಒಡೆದ ಕಾಳಿನಲ್ಲಿ ಹದಿನೈದು, ಮೂವತ್ತು. ಚಿಕ್ಕದು ಹದಿನೈದು. ಧೂಳಿನಲ್ಲಿ ಐದು, ಅರವತ್ತು. ಚಿಕ್ಕದು ಐದು. ಕೂಡಿದರೆ ನೂರಕ್ಕೆ ಮೂವತ್ತು. ಎರಡೂ ಜೋಳ ತಿನ್ನುತ್ತವೆ ಅಂತ ಒಂದೇ ಸಾಲಿನಲ್ಲಿ ಬರೆದಾಗ ಪೂರ್ತಿ ಒಂದರ ಮೇಲೊಂದು ಬಿದ್ದಂತೆ ಕಾಣುತ್ತಿದ್ದ ಬದುಕುಗಳು, ಎಲ್ಲಿ ತಿನ್ನುತ್ತವೆ ಅಂತ ಕೇಳಿದಾಗ ಮೂವತ್ತು ಪಾಲು ಮಾತ್ರ ಕೂಡುತ್ತಿದ್ದವು.

ಬರೀ ಆ ಮೂವತ್ತನ್ನು ಹಿಡಿದುಕೊಂಡು ಸಹಬಾಳ್ವೆ ಅಂತ ಬರೆಯುವಂತಿಲ್ಲ, ಒಂಟಿ ಜಾಡಿಗಳ ಜೊತೆ ಹೋಲಿಸು ಅಂದರು ಮೇಷ್ಟ್ರು. ಅದಕ್ಕೆ ಅವಳ ಬೀಜದ ಗಂಟುಗಳೇ ಬೇಕಾದವು. ಕೆಂಪು ಹುಳ ಬಂದದ್ದರಿಂದ ಕುಟ್ಟೆ ಹುಳ ಸ್ವಲ್ಪವೇ ತಗ್ಗಿತ್ತು. ಆದರೆ ಕುಟ್ಟೆ ಹುಳ ತನ್ನ ಕುಲದವರೇ ಹೆಚ್ಚಾದಾಗ ಬಹಳ ಬೇಗ ತಗ್ಗುತ್ತಿತ್ತು. ಒಂದು ಜಾತಿಗೆ ಪರರಿಗಿಂತ ತನ್ನವರೇ ಹೆಚ್ಚು ಅಡ್ಡ ಬಂದರೆ ಅದು ಪರರನ್ನು ಪೂರ್ತಿ ಓಡಿಸಲಾರದು. ಮೇಲಾಗಿ ಇಲ್ಲಿ ಒಂದರ ಎಂಜಲೇ ಇನ್ನೊಂದರ ಊಟವಾಗಿತ್ತು. ಅಮಾವಾಸ್ಯೆ ಹುಣ್ಣಿಮೆಗಳ ಆ ಗಂಟುಗಳನ್ನು ಗ್ರಾಫಿನ ಮೇಲಿಟ್ಟಾಗ ಗೆರೆ ಎಲ್ಲೂ ತಡವರಿಸಲಿಲ್ಲ. ಎಣಿಸದೇ ಕಟ್ಟಿದ ಬೀಜ ಹಾಗೆ ಬರುವುದಿಲ್ಲ.

ಅವತ್ತು ನಾನು ಮೇಷ್ಟ್ರಿಗೆ ನಿಜ ಹೇಳಬಹುದಿತ್ತು. ಅವರೇ ಕೇಳಿದರು: 'ಮನೆಯಲ್ಲಿ ಧೂಳು ವಾಪಸ್ ಹಾಕಿದ್ದೀಯ, ಇಲ್ಲಿ ತೆಗೆದಿದ್ದೀಯ. ಯಾಕೆ?'

'ಬೇಕಂತಲೇ ಸಾರ್. ಧೂಳು ಇದ್ದರೆ ಏನು, ಇಲ್ಲದಿದ್ದರೆ ಏನು ಅಂತ ನೋಡೋಣ ಅಂತ ಎರಡು ಥರ ಮಾಡಿದೆ' ಅಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು. ಅವರು ಬಹಳ ಹೊತ್ತು ನನ್ನನ್ನು ನೋಡಿ, 'ಹಾಗಿದ್ದರೆ ಚೆನ್ನಾಗಿ ಯೋಚಿಸಿದ್ದೀಯ' ಅಂದರು. ನಂಬಿದರೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಕೆಲಸದವರ ಅಜಾಗರೂಕತೆಯ ಸಾಲನ್ನು ಹೊಡೆದುಹಾಕಿ, ಎಲ್ಲ ಎಣಿಕೆಯನ್ನೂ ಲೇಖಕನೇ ಮಾಡಿದ್ದಾನೆ ಅಂತ ಬರೆದೆ. ತರಗತಿಗೆಲ್ಲ ಹೆಚ್ಚಿನ ಅಂಕ ನನ್ನ ಪೇಪರಿಗೇ ಬಂತು. ಅದರ ಬಲದಿಂದ ಕೊಳ್ಳೇಗಾಲದಲ್ಲಿ ಕೆಲಸವೂ ಸಿಕ್ಕಿತು.

ಮೂರು ನಾಲ್ಕು ವರ್ಷ ಹಾಗೇ ಹೋಯಿತು. ಹುಡುಗರಿಗೆ ಪ್ರಾಕ್ಟಿಕಲ್ಲಿನಲ್ಲಿ ಅದೇ ಜಾಡಿ, ಅದೇ ಜೋಳ. ಧೂಳು ವಾಪಸ್ ಹಾಕಿ ಅಂದಾಗಲೆಲ್ಲ ಹಿತ್ತಲ ಬಾಗಿಲಿನಿಂದ ಹೋದವಳ ಬೆನ್ನು ಕಾಣುತ್ತಿತ್ತು. ಒಂದು ಭಾನುವಾರ ತಡೆಯಲಾಗದೆ ಹನೂರಿನ ಬಸ್ಸು ಹತ್ತಿದೆ. ಕೇಳಿಕೊಂಡು ಹೋದರೆ ಪೇಟೆಯ ಒಂದು ರಾಗಿ ಮಂಡಿಯ ಮುಂದೆ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಜರಡಿ ಅದೇ, ಅಂಚಿಗೆ ಹೊಸ ದಾರ ಹೊಲಿದಿದ್ದಳು. ಒಳಗೆ ಮಂಡಿಯವನು ಯಾರಿಗೋ ತಮಿಳಿನಲ್ಲಿ ಏನೋ ಹೇಳುತ್ತಿದ್ದ.

ನನ್ನನ್ನು ನೋಡಿ ಎದ್ದು ನಿಂತಳು. 'ಬುದ್ದಿ. ಇತ್ಲಾಗ್ ಬಂದ್ರಿ?'

'ನಿನ್ನ ನೋಡೋಕೇ ಬಂದೆ.'

ಅವಳು ಹೆದರಿದಳು. ಅವಳ ಕೈ ಜರಡಿಯನ್ನು ಹಿಂದಕ್ಕೆ ಎಳೆದುಕೊಂಡದ್ದನ್ನು ನೋಡಿದೆ. ಇನ್ನೊಂದು ಸುಳ್ಳು ಹೊರಿಸಲು ಬಂದನೇನೋ ಅನ್ನಿಸಿರಬೇಕು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು.

'ಅವತ್ತು ನೀನು ಎಣಿಸಿದ್ದು ಸರಿ ಇತ್ತು' ಅಂದೆ. 'ಒಂದು ಹುಳವೂ ತಪ್ಪಿರಲಿಲ್ಲ. ತಪ್ಪು ನನ್ನದು. ನಾನು ಧೂಳು ಚೆಲ್ಲಿಬಿಟ್ಟಿದ್ದೆ. ಹೇಳಿ ಹೋಗೋಣ ಅಂತ ಬಂದೆ.'

ಅವಳು ಜರಡಿಯನ್ನು ಕೆಳಗಿಟ್ಟಳು. ಮುಖದಲ್ಲಿ ನಾನು ಎದುರುನೋಡಿದ್ದ ಯಾವುದೂ ಬರಲಿಲ್ಲ. ನೆಮ್ಮದಿಯಾಗಲಿ, ಸಿಟ್ಟಾಗಲಿ.

'ಸರಿ ಅದೆ ಅಂತ ನಂಗೊತ್ತಿತ್ತು ಬುದ್ದಿ. ನಾನೇ ಎಣಿಸ್ದೋಳಲ್ವಾ' ಅಂದಳು. ಆಮೇಲೆ ಕೇಳಿದಳು, 'ದೊಡ್ಡಬುದ್ದಿಯೋರ್ಗೆ ಯೋಳುದ್ರಾ?'

ಅಪ್ಪ ಆಗ ಗಟ್ಟಿಮುಟ್ಟಾಗಿದ್ದರು. ತಿಂಗಳಿಗೆರಡು ಸಲ ನಾನು ಊರಿಗೆ ಹೋಗಿ ಅದೇ ಜಗಲಿಯಲ್ಲಿ ಅವರ ಪಕ್ಕ ಕೂತು ಕಾಫಿ ಕುಡಿಯುತ್ತಿದ್ದೆ.

'ಇಲ್ಲ' ಅಂದೆ.

'ಆ ಎಂಗುಸ್ರು ಇದ್ರಲ್ಲ ರಾಗಿ ಕೇರ್ತಾ, ಅವ್ರಿಗೆ?'

'ಇಲ್ಲ.'

'ಅಂಗಾರೆ ನಂಗ್ಯಾಕ್ ಯೋಳ್ತೀರಿ ಬುದ್ದಿ, ನಂಗೊತ್ತಿರೋದ್ನ?'

ಅವಳ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿ ತಿಳಿಯದೆ ಕೇಳಿದಳು. ಆಮೇಲೆ ಕೂತು ಮತ್ತೆ ಜರಡಿ ಎತ್ತಿಕೊಂಡಳು.

ಹನೂರಿನಿಂದ ಕೊಳ್ಳೇಗಾಲಕ್ಕೆ ವಾಪಸ್ ಬಂದಾಗ ಇನ್ನೂ ಮಧ್ಯಾಹ್ನ. ಬಸ್ ಸ್ಟ್ಯಾಂಡಿನಲ್ಲಿ ನಾನು ಇಳಿದ ಬಸ್ಸಿನ ಪಕ್ಕದಲ್ಲೇ ಯಳಂದೂರಿನ ಬಸ್ಸು ನಿಂತಿತ್ತು, ಜನ ಹತ್ತುತ್ತಿದ್ದರು, ಕಿಟಕಿಯ ಹತ್ತಿರ ಸೀಟೂ ಇತ್ತು. ಹತ್ತಿದ್ದರೆ ಸಂಜೆಯೊಳಗೆ ಜಗಲಿಯಲ್ಲಿರುತ್ತಿದ್ದೆ. ಕಂಡಕ್ಟರ್ ನನ್ನ ಗುರುತು ಹಿಡಿದು, 'ಊರಿಗಾ ಸಾ?' ಅಂದ.

'ಇಲ್ಲ, ಮುಂದಿನ ವಾರ' ಅಂದೆ.

ಅದಾದ ಮೇಲೆ ಅಪ್ಪ ಹನ್ನೊಂದು ವರ್ಷ ಬದುಕಿದ್ದರು.